ಬಾಳಕ ಮತ್ತು ಒಣಮೆಣಸಿನಕಾಯಿ: ಉಪ್ಪಿನ ಅಳತೆ, ಒಣಗಿಸುವ ಕಾಲ ಮತ್ತು ಬೂಷ್ಟು ತಡೆಯುವ ಕ್ರಮ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ಭಾಗದ ಮನೆಗಳಲ್ಲಿ ಬೇಸಿಗೆಯಲ್ಲಿ ಮೆಣಸಿನಕಾಯಿ, ಗೋರಿಕಾಯಿ, ಹಾಗಲಕಾಯಿಗಳ ಬಾಳಕವನ್ನು ಮಾಡಿ ವರ್ಷವಿಡೀ ಬಳಸುವುದು ರೂಢಿ. ಮಾರ್ಚಿಯಲ್ಲಿ ಚೆನ್ನಾಗಿಯೇ ಇದ್ದ ಬಾಳಕವು ಮಳೆಗಾಲದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯುವುದೂ ಉಂಟು. ಇದರ ಕಾರಣವು ಸಾಮಾನ್ಯವಾಗಿ ಮಳೆಗಾಲದಲ್ಲಿ ಮಾತ್ರವಲ್ಲದೆ ಒಣಗಿಸಿದ ಕ್ರಮದಲ್ಲಿಯೂ ಇರುತ್ತದೆ.

ಕಾಲದ ಆಯ್ಕೆ

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಅವಧಿ ಸೂಕ್ತವಾದುದು. ಆಗ ಬಿಸಿಲೂ ಇರುತ್ತದೆ, ಗಾಳಿಯಲ್ಲಿ ತೇವವೂ ಕಡಿಮೆ. ಅನಂತರ ಬಿಸಿಲು ಹೆಚ್ಚಿದ್ದರೂ ಸಂಜೆಯ ಅಡ್ಡಮಳೆಯ ಸಂಭವವಿರುವುದರಿಂದ ಆರಂಭಿಸಿದ ಕೆಲಸ ನಡುವೆ ನಿಲ್ಲಬಹುದು.

ಮಜ್ಜಿಗೆ ಮೆಣಸಿನಕಾಯಿ: ಒಂದು ಕೆ.ಜಿ.ಯ ಲೆಕ್ಕ

ಗಟ್ಟಿಯಾದ, ಕಲೆಯಿಲ್ಲದ 1 ಕೆ.ಜಿ. ಹಸಿಮೆಣಸಿನಕಾಯಿಯನ್ನು ತೊಳೆದು, ನೀರು ಪೂರ್ಣವಾಗಿ ಆರುವಂತೆ ಬಟ್ಟೆಯ ಮೇಲೆ ಹರಡಬೇಕು. ತೊಟ್ಟನ್ನು ತೆಗೆಯಬಾರದು, ತೆಗೆದರೆ ಬೀಜ ಉದುರುತ್ತದೆ. ಕಾಯಿಯ ಬದಿಯಲ್ಲಿ ಸಣ್ಣದೊಂದು ಸೀಳು ಹಾಕಿದರೆ ಮಜ್ಜಿಗೆ ಒಳಕ್ಕೆ ಇಳಿಯುತ್ತದೆ. ಇದಕ್ಕೆ 1 ಲೀಟರ್ ಹುಳಿ ಮಜ್ಜಿಗೆ ಮತ್ತು 100 ಗ್ರಾಂ ಉಪ್ಪು ಬೇಕು. ಜಾಡಿ ಅಥವಾ ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಉಪ್ಪು, ಹುಳಿ ಎರಡೂ ಸೇರಿ ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಪಾತ್ರೆಗಳನ್ನು ಸವೆಸುತ್ತವೆ.

ಎರಡು ದಿನ ನೆನೆಸಿದ ಮೇಲೆ, ಮೂರನೆಯ ದಿನ ಬೆಳಿಗ್ಗೆ ಕಾಯಿಗಳನ್ನು ಮಾತ್ರ ಎತ್ತಿ ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆ ಪೂರ್ಣ ಹೀರಿಕೊಳ್ಳುವವರೆಗೆ, ಸುಮಾರು ಮೂರು ನಾಲ್ಕು ದಿನ, ಇದು ಮುಂದುವರಿಯುತ್ತದೆ. ಹಗಲು ಕಾಯಿಯ ನೀರು ಹೊರಹೋಗಿ, ರಾತ್ರಿ ಆ ಜಾಗಕ್ಕೆ ಉಪ್ಪು ಮತ್ತು ಹುಳಿ ಸೇರುವುದೇ ಈ ಕ್ರಮದ ಗುಟ್ಟು. ಉಪ್ಪು ನೀರನ್ನು ಹಿಡಿದಿಟ್ಟು, ಬೂಷ್ಟಿನ ಬೆಳವಣಿಗೆಗೆ ಅದು ಒದಗದಂತೆ ಮಾಡುತ್ತದೆ. ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಈ ರಕ್ಷಣೆ ಕುಂದುತ್ತದೆ.

ಬಳಿಕ ನಾಲ್ಕೈದು ದಿನ ಒಣಬಿಸಿಲು ಅಗತ್ಯ. ಒಂದರ ಮೇಲೊಂದು ಬೀಳದಂತೆ ಹರಡಿ, ಮಧ್ಯಾಹ್ನ ಒಮ್ಮೆ ತಿರುವಿ, ಬಿಸಿಲು ಇಳಿಯುವ ಮುನ್ನ ಮನೆಯೊಳಗೆ ತರಬೇಕು. 1 ಕೆ.ಜಿ. ಕಾಯಿ ಕೊನೆಗೆ ಸುಮಾರು ಕಾಲು ಕೆ.ಜಿ.ಗೆ ಇಳಿಯುತ್ತದೆ. ಅದಕ್ಕಿಂತ ಬಹಳ ಹೆಚ್ಚು ತೂಗಿದರೆ ಒಳಗೆ ತೇವ ಉಳಿದಿದೆಯೆಂದೇ ಅರ್ಥ.

ಕೆಲಸದ ನಡುವೆ ಮೋಡ ಕವಿದರೆ ಏನು ಮಾಡಬೇಕೆಂಬುದು ಹಂತವನ್ನು ಅವಲಂಬಿಸಿದೆ. ಮಜ್ಜಿಗೆ ಉಳಿದಿದ್ದರೆ ಕಾಯಿಗಳು ಒಂದು ದಿನ ಅದರಲ್ಲಿಯೇ ಇರಲಿ. ಮಜ್ಜಿಗೆ ಮುಗಿದ ಮೇಲಿನ ಅರೆ ಒಣಗಿದ ಹಂತವೇ ಅಪಾಯಕಾರಿ. ಆಗ ರಾಶಿ ಹಾಕಿ ಪ್ಲಾಸ್ಟಿಕ್ ಹೊದಿಸದೆ, ಒಳಮನೆಯಲ್ಲಿ ತೆಳುವಾಗಿ ಹರಡಿ ಫ್ಯಾನಿನ ಗಾಳಿಗೆ ಬಿಡಬೇಕು.

ತರಕಾರಿಯ ಬಾಳಕ

ಗೋರಿಕಾಯಿಯ ನಾರು ತೆಗೆದು, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಮೂರು ನಾಲ್ಕು ನಿಮಿಷ ಬೇಯಿಸಿ, ನೀರು ಬಸಿದು ಒಣಗಿಸಬೇಕು. ಈ ಅರೆಬೇವಿನಿಂದ ಬಣ್ಣ ಉಳಿಯುತ್ತದೆ, ಒಣಗುವಿಕೆಯೂ ಬೇಗನಾಗುತ್ತದೆ. ಹಾಗಲಕಾಯಿಯ ಬಿಲ್ಲೆಗಳು ಒಂದೇ ದಪ್ಪವಿರಬೇಕು. ದಪ್ಪ ಬಿಲ್ಲೆಯೊಂದು ಹಸಿಯಾಗಿ ಉಳಿದರೆ ಅದರ ತೇವ ಡಬ್ಬಿಯಲ್ಲಿರುವ ಉಳಿದೆಲ್ಲಕ್ಕೂ ಹರಡುತ್ತದೆ.

ಪರೀಕ್ಷೆ ಮತ್ತು ಶೇಖರಣೆ

ಸರಿಯಾಗಿ ಒಣಗಿದ ಬಾಳಕವನ್ನು ಬಗ್ಗಿಸಿದರೆ ಅದು ಬಾಗದೆ ಲಟಕ್ಕನೆ ಮುರಿಯುತ್ತದೆ. ಮೆಣಸಿನಕಾಯಿಯಲ್ಲಿ ತೊಟ್ಟಿನ ಬುಡವು ಕೊನೆಗೆ ಒಣಗುವ ಭಾಗವಾದ್ದರಿಂದ ಅಲ್ಲಿಯೇ ಮುರಿದು ನೋಡಬೇಕು. ಬಿಸಿಲಿನ ಕಾವು ಆರಿದ ಮೇಲೆ ಗಾಜಿನ ಭರಣಿಗೆ ತುಂಬಿ, ಒಂದು ವಾರ ಪ್ರತಿದಿನ ಗಮನಿಸಬೇಕು. ಗಾಜಿನ ಒಳಮೈಯಲ್ಲಿ ಬೆವರು ಕಂಡರೆ ಎಲ್ಲವನ್ನೂ ಹೊರತೆಗೆದು ಮತ್ತೆ ಬಿಸಿಲಿಗೆ ಹಾಕಬೇಕು.

ಉಪ್ಪಿಗೆ ಇನ್ನೊಂದು ಗುಣವೂ ಇದೆ. ಗಾಳಿಯ ತೇವಾಂಶ ಶೇಕಡಾ 75ನ್ನು ಮೀರಿದಾಗ ಅದು ನೀರನ್ನು ಸೆಳೆದುಕೊಳ್ಳುತ್ತದೆ. ಈ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ಆದ್ದರಿಂದ ವರ್ಷದ ಸಂಗ್ರಹವನ್ನು ಒಂದೇ ಡಬ್ಬಿಯಲ್ಲಿ ತುಂಬದೆ, ತಿಂಗಳಿಗೆ ಸಾಲುವಷ್ಟನ್ನು ಸಣ್ಣ ಭರಣಿಗಳಲ್ಲಿ ಬಿಗಿಯಾಗಿ ಮುಚ್ಚಿಡುವುದು ಲೇಸು.

ಬೂಷ್ಟು ಕಂಡಾಗ

ಕೆಂಪು ಒಣಮೆಣಸಿನಕಾಯಿಯಲ್ಲಿ ಬೂಷ್ಟು ಹೊರಗೆ ಕಾಣದೆ ಒಳಗೇ ಬೆಳೆಯಬಹುದು. ಖಾರದ ಪುಡಿಗೆ ಕೊಳ್ಳುವ ಮುನ್ನ ಹತ್ತು ಕಾಯಿಗಳನ್ನು ಸೀಳಿ ನೋಡುವುದು ಒಳಿತು. ಒಳಗೆ ಬೂದು, ಹಸಿರು ಅಥವಾ ಕಪ್ಪು ನವಿರು, ಮುಗ್ಗಲು ವಾಸನೆ ಇದ್ದರೆ ಆ ಕಾಯಿ ಬಳಕೆಗೆ ಯೋಗ್ಯವಲ್ಲ. ಕೆಲವು ಬೂಷ್ಟುಗಳು ಯಕೃತ್ತಿಗೆ ಹಾನಿ ಮಾಡುವ ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ತೊಳೆದರೂ, ಮರಳಿ ಒಣಗಿಸಿದರೂ, ಎಣ್ಣೆಯಲ್ಲಿ ಕರಿದರೂ ಅದು ಪೂರ್ಣವಾಗಿ ಹೋಗುವುದಿಲ್ಲ. ಅಂತಹುದನ್ನು ದನಕರುಗಳಿಗೂ ಹಾಕಬಾರದು. ಈ ವಿಷವು ಹಾಲಿನಲ್ಲಿಯೂ ಸೇರುತ್ತದೆ.

ಸದಸ್ಯರ ಗಮನಕ್ಕೆ

ರಸ್ತೆಯ ಮೇಲೆ ಒಣಗಿಸಿದ ಕಾಯಿಗೆ ಧೂಳು, ವಾಹನದ ಎಣ್ಣೆ ಮತ್ತು ಸಗಣಿ ತಾಗುತ್ತವೆ. ಸ್ಥಳವಿಲ್ಲದ ಕುಟುಂಬಗಳಿಗೆ ಹಾಗೂ ಸ್ವಸಹಾಯ ಸಂಘಗಳಿಗೆ ಮಾರ್ಚಿ ತಿಂಗಳಲ್ಲಿ ಸಮುದಾಯ ಭವನದ ತಾರಸಿಯನ್ನು ಒದಗಿಸುವ ಬಗ್ಗೆ ಪಂಚಾಯಿತಿ ಸಭೆಯಲ್ಲಿ ಚರ್ಚಿಸಬಹುದು. ಬಾಳಕವನ್ನು ಮಾರಾಟಕ್ಕಾಗಿ ತಯಾರಿಸುವ ಸಂಘಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ನೋಂದಣಿ ಪಡೆಯಬೇಕೆಂಬುದನ್ನೂ ಅವರಿಗೆ ತಿಳಿಸುವುದು ಅಗತ್ಯ.