ಓಕೆ ಪಕ್ಕದ ಚುಕ್ಕಿ

'ದೇವ್ ಅವನ ಹತ್ತಿರ ಮಿಕ್ಕಿದ್ದ ಟಿಕೆಟ್ ಕೊಟ್ಟ, ಬರ್ತೀಯಾ?' ಎಂದು ಗೆಳೆಯರೊಬ್ಬರು ಮೆಸೇಜ್ ಮಾಡುತ್ತಾರೆ. 'ಓಕೆ' ಎಂದು ಉತ್ತರ ಬಂದರೆ ಹೊರಡುವ ತಯಾರಿ ಶುರುವಾಗುತ್ತದೆ. 'ಓಕೆ.' ಎಂದು ಬಂದರೆ, ಮನಸ್ಸಿಲ್ಲದೆ ಒಪ್ಪಿಕೊಂಡರೇನೋ ಎಂಬ ಅನುಮಾನ ಹುಟ್ಟುತ್ತದೆ.

ಈ ಅನುಮಾನವನ್ನು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸೀಲಿಯಾ ಕ್ಲಿನ್ ಮತ್ತು ಸಂಗಡಿಗರು 2015ರಲ್ಲಿ ಪರೀಕ್ಷೆಗೆ ಒಡ್ಡಿದರು. ಇಂಥದೇ ಸಂಭಾಷಣೆಗಳನ್ನು 126 ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವು ಮೊಬೈಲ್ ಮೆಸೇಜಿನ ರೂಪದಲ್ಲಿದ್ದವು, ಕೆಲವು ಕೈಬರಹದ ಚೀಟಿಯ ರೂಪದಲ್ಲಿ. ಉತ್ತರ ಒಂದೇ ಪದದ್ದು. ಚುಕ್ಕಿ ಕೆಲವೆಡೆ ಇತ್ತು, ಕೆಲವೆಡೆ ಇರಲಿಲ್ಲ. ಮೆಸೇಜಿನಲ್ಲಿ ಚುಕ್ಕಿ ಇದ್ದ ಉತ್ತರ ಮನಃಪೂರ್ವಕವಲ್ಲ ಎಂದು ಓದುಗರಿಗೆ ಅನಿಸಿತು. ಚೀಟಿಯಲ್ಲಿ ಮಾತ್ರ ಚುಕ್ಕಿ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಬಿಗುವು ಚುಕ್ಕಿಯೊಳಗೇ ಇಲ್ಲ, ಅದು ಕೂತ ಜಾಗದಲ್ಲಿದೆ.

ಕಾಗದದಲ್ಲಿ ಒಂದು ವಾಕ್ಯ ಮುಗಿಯಿತೆಂದು ತಿಳಿಸಲು ಪೂರ್ಣವಿರಾಮ ಬೇಕೇ ಬೇಕು. ಚಾಟ್‌ನಲ್ಲಿ ಆ ಕೆಲಸವನ್ನು ಕಳಿಸುವ ಗುಂಡಿಯೇ ಮಾಡುತ್ತದೆ: ಪ್ರತಿ ಮೆಸೇಜೂ ತನ್ನದೇ ಚೌಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅಗತ್ಯವಿಲ್ಲದಿದ್ದರೂ ಚುಕ್ಕಿ ಇಟ್ಟಿದ್ದಾರೆಂದರೆ ಬೇಕೆಂದೇ ಇಟ್ಟಿರಬೇಕೆಂದು ಓದುವವರು ಎಣಿಸುತ್ತಾರೆ. ಎದುರು ಕೂತು ಮಾತಾಡುವಾಗ 'ಆಯ್ತು' ಎಂಬುದನ್ನು ದನಿ ಎಳೆದು ಹೇಳಿದರೆ ಒಂದು ಭಾವ, ಕತ್ತರಿಸಿದಂತೆ ಹೇಳಿದರೆ ಇನ್ನೊಂದು. ಮೊಗವೂ ದನಿಯೂ ಇಲ್ಲದ ತೆರೆಯ ಮೇಲೆ, ಕತ್ತರಿಸಿದ ಆ ದನಿಯನ್ನು ಚುಕ್ಕಿ ಕೇಳಿಸುತ್ತದೆ. 'ಆಯ್ತು!' ಎಂದರೆ ಉತ್ಸಾಹ, 'ಆಯ್ತು...' ಎಂದರೆ ಹೇಳದೆ ಉಳಿಸಿಕೊಂಡ ಇನ್ನೇನೋ ಇದೆ ಎಂಬ ಸೂಚನೆ.

ಆದರೆ ಈ ಪ್ರಯೋಗದ ಫಲಿತಾಂಶವನ್ನು ಎಲ್ಲೆಡೆ ಹಚ್ಚಲಾಗದು. ಅಲ್ಲಿ ಓದಿದವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳು, ಪರೀಕ್ಷಿಸಿದ್ದು ಒಂದೇ ಪದದ ಉತ್ತರಗಳನ್ನು. 'ಏಳು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇರ್ತೀನಿ. ಛತ್ರಿ ತಗೊಂಡು ಬಾ.' ಎಂಬ ಮೆಸೇಜಿನಲ್ಲಿ ಎರಡು ಮಾತನ್ನು ಬೇರ್ಪಡಿಸಲು ಚುಕ್ಕಿ ಬೇಕಾಗಿದೆ. ಅಲ್ಲಿ ಯಾರಿಗೂ ಮುನಿಸು ಕಾಣುವುದಿಲ್ಲ. ಕಾಗದ ಬರೆದೇ ಅಭ್ಯಾಸವಾದ ಹಿರಿಯರು, ದಿನವಿಡೀ ಆಫೀಸಿನ ಇಮೇಲ್ ಬರೆಯುವವರು 'ಸರಿ.' ಎಂದು ಟೈಪ್ ಮಾಡುವುದು ಬರೀ ರೂಢಿಯಿಂದ. ಮೊಮ್ಮಗಳು ಅದನ್ನು ಓದಿ ತಾತನಿಗೆ ಕೋಪ ಬಂದಿದೆಯೆಂದುಕೊಂಡರೆ, ತಾತನಿಗೆ ಅದರ ಸುಳಿವೂ ಇರುವುದಿಲ್ಲ.

ಸಂಶಯ ಬಂದಾಗ ಅದೇ ವ್ಯಕ್ತಿಯ ಹಿಂದಿನ ಮೆಸೇಜುಗಳನ್ನು ನೋಡಬಹುದು. ಪ್ರತಿ ಉತ್ತರಕ್ಕೂ ಚುಕ್ಕಿ ಇಡುವವರಾದರೆ ಇವತ್ತಿನದಕ್ಕೂ ವಿಶೇಷ ಅರ್ಥವಿಲ್ಲ. ಎಂದೂ ಇಡದವರು ಇವತ್ತು ಇಟ್ಟಿದ್ದರೆ, ಒಂದು ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು.