ತೇಲದೆ ಉಳಿದ ಎಳೆಗಳು

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿಯೊಬ್ಬರು ಕಾಗದ ಬರೆದಿದ್ದಾರೆ. ತಮ್ಮ ಊರ ಕೆರೆಯ ಕೆಸರಿನಲ್ಲಿರುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಎಣಿಸುವೆನೆಂದಾಗ ಮಾರ್ಗದರ್ಶಕರು "ಇದರಲ್ಲಿ ಹೊಸದೇನು?" ಎಂದು ಕೇಳಿದರಂತೆ. ತಾವು ಓದಿದ ಹತ್ತು ಪ್ರಬಂಧಗಳ ಕೊನೆಯಲ್ಲಿ 'ಇನ್ನೂ ಅನೇಕ ಸ್ಥಳಗಳಲ್ಲಿ ಅಧ್ಯಯನ ನಡೆಯಬೇಕಾಗಿದೆ' ಎಂದಿರುವಾಗ ತಮ್ಮ ಪ್ರಶ್ನೆ ಹೊಸದಲ್ಲವೆನ್ನುವುದು ಹೇಗೆಂಬುದು ಅವರ ಸಂದೇಹ. ಆ ಕಡೆಯ ವಾಕ್ಯವಾದರೋ, ಮದುವೆಮನೆಯವರು ತಾಂಬೂಲ ಕೊಟ್ಟು 'ಆಗಾಗ ಬರುತ್ತಿರಿ' ಎನ್ನುವ ಉಪಚಾರದ ಮಾತಿಗಿಂತ ಹೆಚ್ಚು ತೂಕದ್ದಲ್ಲ. ಲೇಖಕನು ತಾನಾಗಿ ಒಪ್ಪಿಕೊಂಡ ಕೊರತೆಗಿಂತ, ಅರಿಯದೆ ಬಿಟ್ಟ ಕೊರತೆಯೇ ಬೆಲೆಯುಳ್ಳದ್ದು. ಅದು ಅಡಗಿರುವುದು ಬಹುಮಂದಿ ಹಾರಿಸಿ ಓದುವ 'ವಿಧಾನ'ದ ಭಾಗದಲ್ಲಿ.

ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ 1939ರ ತಮ್ಮ ಗ್ರಂಥದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಎರಡಂಗುಲದ ಕಣ್ಣುಗಳುಳ್ಳ ಬಲೆಯನ್ನು ಸಮುದ್ರಕ್ಕೆ ಬೀಸಿದ ಪಂಡಿತನು, ಸಿಕ್ಕ ಜೀವಿಗಳನ್ನೆಲ್ಲ ಅಳೆದು ನೋಡಿ, ಎರಡಂಗುಲಕ್ಕಿಂತ ಚಿಕ್ಕದಾದ ಜಲಚರವೇ ಇಲ್ಲವೆಂದು ನಿರ್ಣಯಿಸಿದನಂತೆ. ನಮ್ಮ ವಿದ್ಯಾರ್ಥಿ ಓದಿದ ಹತ್ತು ಪ್ರಬಂಧಗಳಲ್ಲಿಯೂ ಬೀಸಿದ ಬಲೆ ಯಾವುದೆಂದು ನೋಡಬೇಡವೆ?

ಈ ಶಾಸ್ತ್ರಕ್ಕೆ ಬಲೆ ಬಂದುದು ಬಹುಪಾಲು ಒಂದೇ ಕಡೆಯಿಂದ. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ, ಕಡಲತೀರದ ಮರಳುಕೆಸರನ್ನು ಗಾಢವಾದ ಉಪ್ಪುನೀರಿನಲ್ಲಿ ಕದಡಿ, ಮೇಲೆ ತೇಲಿದ ಪ್ಲಾಸ್ಟಿಕ್ ಚೂರುಗಳನ್ನು ಗುರುತಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಅಡುಗೆಯ ಉಪ್ಪು ಅಗ್ಗ, ನಿರಪಾಯಕರ. ಆದುದರಿಂದ ಅನುಸರಿಸಿದವರು ಬಹುಮಂದಿ. ಆದರೆ ಎಷ್ಟು ಉಪ್ಪು ಕರಗಿಸಿದರೂ ಆ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಮನ್ನು ದಾಟದು. ಕೈಚೀಲದ ಪಾಲಿಥೀನ್ ನೀರಿಗಿಂತಲೂ ಹಗುರವಾದುದರಿಂದ ತೇಲುತ್ತದೆ. ಸೀರೆ, ಷರಟುಗಳ ಪಾಲಿಯೆಸ್ಟರ್ ಸುಮಾರು 1.38ರಷ್ಟು ಭಾರವಾದುದರಿಂದ ಮುಳುಗಬೇಕು. ಹಾಗಿರುವಾಗ 'ಈ ಕೆಸರಿನಲ್ಲಿ ಪಾಲಿಯೆಸ್ಟರ್ ಅತ್ಯಲ್ಪ' ಎಂದು ಪ್ರಬಂಧವೊಂದು ಸಾರಿದರೆ, ಆ ಅಭಾವವು ಕೆರೆಯದೋ ಉಪ್ಪುನೀರಿನದೋ ಎಂಬುದೇ ತಿಳಿಯದು.

ವಿದ್ಯಾರ್ಥಿಯು ಒಂದು ದೊಡ್ಡ ಹಾಳೆಯಲ್ಲಿ, ಪ್ರಬಂಧಕ್ಕೊಂದು ಸಾಲಿನಂತೆ, ಯಾವ ಮಣ್ಣು, ಯಾವ ದ್ರಾವಣ, ಎಷ್ಟು ಸಾಂದ್ರತೆ, ಎಣಿಸಿದ್ದು ಚೂರುಗಳನ್ನೋ ಎಳೆಗಳನ್ನೋ, ಗೊತ್ತಿದ್ದಷ್ಟು ಕಣಗಳನ್ನು ತಾವೇ ಬೆರೆಸಿ ಎಷ್ಟು ಮರಳಿ ಸಿಕ್ಕಿತೆಂದು ಪರೀಕ್ಷಿಸಿದರೋ ಇಲ್ಲವೋ ಎಂದು ಬರೆದಿಟ್ಟುಕೊಳ್ಳಲಿ. ಖಾಲಿ ಮನೆ ಕಂಡೊಡನೆ ಹಿಗ್ಗಬಾರದು. ಅದು ಏಕೆ ಖಾಲಿಯೆಂದು ಕೇಳಬೇಕು. ಬೇರೆ ಹೆಸರಿನಲ್ಲಿ ಯಾರಾದರೂ ಮಾಡಿ ಮುಗಿಸಿರಬಹುದು: 'ಪ್ಲಾಸ್ಟಿಕ್' ಎಂದು ಹುಡುಕಿದವನಿಗೆ 'ಸಂಶ್ಲೇಷಿತ ನಾರು' ಎಂದು ಬರೆದವನು ಸಿಕ್ಕುವುದಿಲ್ಲ. ಆದುದರಿಂದ ಹಳೆಯ ಪ್ರಬಂಧವನ್ನು ಉಲ್ಲೇಖಿಸಿರುವ ಹೊಸ ಪ್ರಬಂಧಗಳನ್ನೆಲ್ಲ ಜಾಡುಹಿಡಿದು ನೋಡಬೇಕು. ಹಾಗೆ ನೋಡಿದರೆ, ಉಪ್ಪಿಗೆ ಬದಲಾಗಿ 1.5ಕ್ಕೂ ಹೆಚ್ಚು ಸಾಂದ್ರತೆಯ ಸತುವಿನ ಕ್ಲೋರೈಡನ್ನು ಬಳಸಿ ಹೋಲಿಸಿದವರು ಆಗಲೇ ಇದ್ದಾರೆಂಬುದು ಗೊತ್ತಾಗುತ್ತದೆ. ಇಲ್ಲಿಗೆ ಪ್ರಶ್ನೆ ಸತ್ತಿತೆಂದು ಕೈಬಿಡುವವರೇ ಹೆಚ್ಚು. ನಾನಾದರೋ, ಅವರು ಪರೀಕ್ಷಿಸಿದ್ದು ಮರಳನ್ನೋ ಕೊಳೆತ ಎಲೆ, ಪಾಚಿಗಳಿಂದ ಕಪ್ಪಾದ ಕೆರೆಯ ಜೇಡಿಯನ್ನೋ, ಬೆರೆಸಿದ್ದು ಗುಂಡು ಕಣಗಳನ್ನೋ ಎಳೆಗಳನ್ನೋ ಎಂದು ಕೇಳುವೆನು.

ಸಾಂದ್ರತೆಯ ಪಟ್ಟಿಯೇ ಉತ್ತರ ಹೇಳುತ್ತದಲ್ಲ ಎಂದು ಪರೀಕ್ಷಕರು ಆಕ್ಷೇಪಿಸಿಯಾರು. ಹೇಳುವುದಿಲ್ಲ. ಕೂದಲಿಗಿಂತ ತೆಳುವಾದ ಎಳೆಗೆ ಗಾಳಿಯ ಗುಳ್ಳೆ ಅಂಟಿದರೆ ಮುಳುಗಬೇಕಾದುದು ತೇಲುತ್ತದೆ. ಜೇಡಿಯ ಲೋಳೆ ಮೆತ್ತಿದರೆ ತೇಲಬೇಕಾದುದು ಮುಳುಗುತ್ತದೆ. ಆಗ ಪ್ರಶ್ನೆ ಹೀಗೆ ಕಿರಿದಾಗುತ್ತದೆ: ಕೆರೆಯ ಕೆಸರಿನ ಸಾವಯವ ಪದಾರ್ಥವನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಮೊದಲೇ ಕರಗಿಸಿ ತೇಲಿಸಿದಾಗ ಮತ್ತು ಕರಗಿಸದೆ ತೇಲಿಸಿದಾಗ ಮರಳಿ ದೊರೆಯುವ ಪಾಲಿಯೆಸ್ಟರ್ ಎಳೆಗಳ ಸಂಖ್ಯೆಯಲ್ಲಿ ವ್ಯತ್ಯಾಸವುಂಟೆ? ಗಾಢ ಕೆಂಪುಬಣ್ಣದ 50 ಎಳೆಗಳನ್ನು ತೂಗಿದ ಕೆಸರಿಗೆ ಬೆರೆಸಿ, ಎರಡು ಕ್ರಮ, ಎರಡು ದ್ರಾವಣ, ಒಂದೊಂದಕ್ಕೂ ಐದೈದು ಸಲವೆಂದರೆ ಇಪ್ಪತ್ತು ಪ್ರಯೋಗಗಳಾದವು. ಒಂದು ಸೂಕ್ಷ್ಮದರ್ಶಕವೂ ಕೆಲವು ತಿಂಗಳ ತಾಳ್ಮೆಯೂ ಇದಕ್ಕೆ ಸಾಕು. ಸತುವಿನ ಕ್ಲೋರೈಡು ಜಲಚರಗಳಿಗೆ ವಿಷವಾದುದರಿಂದ ಅದನ್ನು ಮೋರಿಗೆ ಚೆಲ್ಲದೆ ಸೋಸಿ ಮತ್ತೆ ಬಳಸಬೇಕು.

ಇಷ್ಟಾದ ಮೇಲೆ, ಪ್ರಯೋಗದ ಮೇಜಿನ ಮೇಲೆ ಒದ್ದೆಯ ಶೋಧಕ ಕಾಗದವಿಟ್ಟ ತೆರೆದ ತಟ್ಟೆಯೊಂದನ್ನು ಇರಿಸಿ, ಸಂಜೆ ಅದರ ಮೇಲೆ ಬಿದ್ದ ಎಳೆಗಳನ್ನೂ ಎಣಿಸಬೇಕು. ಕೆಂಪು ಎಳೆ ಬೆರೆಸಿದ ದಿನ ಕೆಂಪು ಅಂಗಿ ತೊಟ್ಟು ಬಂದ ಸಹಪಾಠಿಯನ್ನು ಬಾಗಿಲಲ್ಲೇ ನಿಲ್ಲಿಸುವ ದಾಕ್ಷಿಣ್ಯರಾಹಿತ್ಯವೂ ಇರಬೇಕು.