ಅಗ್ಗದ ಷೇರಿಗೆ ಕೊಳ್ಳುವ ಹೊತ್ತು

ಷೇರು ಕೊಳ್ಳುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಯಾವುದನ್ನು ಕೊಳ್ಳಬೇಕು, ಯಾವಾಗ ಕೊಳ್ಳಬೇಕು. ಮೊದಲನೆಯದಕ್ಕೆ ಕಂಪನಿಯ ಲೆಕ್ಕಪತ್ರದಲ್ಲಿ ಉತ್ತರ ಹುಡುಕುವುದು ಮೌಲ್ಯ ಹೂಡಿಕೆಯ ದಾರಿ. ಎರಡನೆಯದಕ್ಕೆ ಬೆಲೆಯ ನಡೆಯಲ್ಲೇ ಉತ್ತರ ಹುಡುಕುವುದು ತಾಂತ್ರಿಕ ವಿಶ್ಲೇಷಣೆಯ ದಾರಿ. ಈ ಎರಡನ್ನೂ ಒಂದರ ಹಿಂದೊಂದು ಜೋಡಿಸಿ, ತಿಂಗಳಿಗೊಮ್ಮೆ ಮಾತ್ರ ಬೆಲೆ ನೋಡಿ, ಕೊಂಡು ಇಟ್ಟುಕೊಳ್ಳುವುದಷ್ಟನ್ನೇ ಮಾಡುವ ಒಂದು ನಿಧಾನದ ಪದ್ಧತಿ ಇದೆ. ಬೆಲೆ ಇಳಿಯುತ್ತದೆಂದು ಪಣ ಕಟ್ಟುವ ಶಾರ್ಟ್ ಮಾರಾಟಕ್ಕಾಗಲಿ, ಸಾಲ ತಂದು ಮಾಡುವ ವ್ಯವಹಾರಕ್ಕಾಗಲಿ ಇದರಲ್ಲಿ ಜಾಗವಿಲ್ಲ.

ಅಗ್ಗ ಎಂಬ ಒಂದೇ ಗುಣ ಸಾಲದು ಎನ್ನುವುದಕ್ಕೆ ಒಳ್ಳೆಯ ಆಧಾರವಿದೆ. ಅಮೆರಿಕದ ಲೆಕ್ಕಶಾಸ್ತ್ರಜ್ಞ ಜೋಸೆಫ್ ಪಿಯೊಟ್ರೊಸ್ಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಸ್ತಕ ಮೌಲ್ಯಕ್ಕೆ ಹೋಲಿಸಿದರೆ ತೀರಾ ಅಗ್ಗವಾಗಿದ್ದ ಷೇರುಗಳ ಪೈಕಿ ಮಾರುಕಟ್ಟೆಗಿಂತ ಹೆಚ್ಚು ಗಳಿಸಿದವು ಶೇ 44ಕ್ಕಿಂತ ಕಡಿಮೆ. ಅಂದರೆ ಗುಂಪಿನ ಒಟ್ಟು ಲಾಭ ಕೆಲವೇ ಷೇರುಗಳಿಂದ ಬಂದಿತ್ತು. ಉಳಿದವು ಅಗ್ಗವಾಗಿರಲು ಕಾರಣವಿದ್ದಂಥವು. ಅವುಗಳನ್ನು ಬೇರ್ಪಡಿಸಲು ಅವರು ಲಾಭ, ನಗದು ಹರಿವು, ಸಾಲ, ದಕ್ಷತೆಗಳನ್ನು ಆಧರಿಸಿದ ಒಂಬತ್ತು ಸರಳ ಪರೀಕ್ಷೆಗಳನ್ನು ಸೂಚಿಸಿದರು.

ಹಾಗಾಗಿ ಮೊದಲ ಹಂತದ ಜರಡಿಯಲ್ಲಿ ಬೆಲೆಯ ಜೊತೆಗೆ ಗುಣವೂ ಇರಬೇಕು. ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳನ್ನು ಬಿಟ್ಟರೆ ಮೂರು ಷರತ್ತುಗಳು ಬಹುಮಟ್ಟಿಗೆ ಸಾಕಾಗುತ್ತವೆ. ಬೆಲೆ ಮತ್ತು ಗಳಿಕೆಯ ಅನುಪಾತ, ಅಂದರೆ ಪಿಇ, 12ಕ್ಕಿಂತ ಕೆಳಗಿರಬೇಕು. ಸಾಲ ಷೇರುದಾರರ ಬಂಡವಾಳದ ಅರ್ಧವನ್ನು ಮೀರಬಾರದು. ವ್ಯವಹಾರದಿಂದ ಬಂದ ನಗದು ವರದಿಯಾದ ಲಾಭಕ್ಕಿಂತ ಹೆಚ್ಚಿರಬೇಕು. ಮೂರನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಲಾಭ ಕಾಗದದ ಮೇಲೆ ಬೆಳೆಯುತ್ತಿದ್ದು ಹಣ ಗ್ರಾಹಕರ ಬಾಕಿಯಲ್ಲೇ ಉಳಿದಿದ್ದರೆ ಪಿಇ ಎಷ್ಟೇ ಕಡಿಮೆಯಿದ್ದರೂ ನಂಬುವಂತಿಲ್ಲ.

ಜರಡಿ ದಾಟಿದ ಷೇರನ್ನು ಆ ದಿನವೇ ಕೊಳ್ಳುವುದಿಲ್ಲ. ಅದು ಕಾಯುವ ಪಟ್ಟಿಗೆ ಸೇರುತ್ತದೆ. ಕೊಳ್ಳಲು ಬೇಕಾದ ಸಂಕೇತ ಒಂದೇ: ತಿಂಗಳ ಕೊನೆಯ ಮುಕ್ತಾಯ ಬೆಲೆ ಹಿಂದಿನ ಹತ್ತು ತಿಂಗಳ ಸರಾಸರಿಗಿಂತ ಮೇಲೆ ಬರಬೇಕು. ಹೂಡಿಕೆ ನಿರ್ವಾಹಕ ಮೆಬ್ ಫೇಬರ್ 2007ರ ಲೇಖನವೊಂದರಲ್ಲಿ ಷೇರು, ಸಾಲಪತ್ರ, ಸರಕುಗಳಂಥ ಇಡೀ ವರ್ಗಗಳಿಗೆ ಬಳಸಿ ತೋರಿಸಿದ ಸರಾಸರಿ ಇದೇ. ಒಂಟಿ ಷೇರಿನ ಬೆಲೆ ಹೆಚ್ಚು ಓಲಾಡುವುದರಿಂದ ಅಲ್ಲಿ ಸುಳ್ಳು ಸಂಕೇತಗಳೂ ಹೆಚ್ಚು.

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಕಂಪನಿಯನ್ನು ನೋಡಬಹುದು. ಅದರ ವಾರ್ಷಿಕ ಗಳಿಕೆ ಷೇರಿಗೆ 16 ರೂಪಾಯಿ; ಆದ್ದರಿಂದ ಬೆಲೆ 192ಕ್ಕಿಂತ ಕೆಳಗಿಳಿದಾಗ ಪಿಇ 12ರ ಷರತ್ತು ಈಡೇರುತ್ತದೆ. ತಿಂಗಳ ಕೊನೆಯ ಬೆಲೆಗಳು 240, 228, 215, 221, 200, 186, 172, 160, 152, 148 ಎಂದಿರಲಿ. ಆರನೇ ತಿಂಗಳಲ್ಲಿ, 186ರಲ್ಲಿ, ಷೇರು ಜರಡಿ ದಾಟಿತು. ಆಗಲೇ ಕೊಂಡವರು ನಾಲ್ಕು ತಿಂಗಳಲ್ಲಿ ಶೇ 20ರಷ್ಟು ಇಳಿತ ಕಂಡರು. ಹತ್ತನೇ ತಿಂಗಳಲ್ಲಿ ಸರಾಸರಿ 192.2, ಬೆಲೆ 148. ಸಂಕೇತ ಬಹಳ ದೂರದಲ್ಲಿದೆ. ಮುಂದಿನ ಬೆಲೆಗಳು 155, 151, 163, 176. ಪ್ರತಿ ತಿಂಗಳೂ ಹಳೆಯ ದೊಡ್ಡ ಬೆಲೆಯೊಂದು ಲೆಕ್ಕದಿಂದ ಬಿದ್ದುಹೋಗುವುದರಿಂದ ಸರಾಸರಿ ತಾನೇ ಕೆಳಗಿಳಿಯುತ್ತ ಬರುತ್ತದೆ. ಬೆಲೆ 163 ಇದ್ದಾಗ ಅದು 170.8, ಬೆಲೆ 176 ಆದಾಗ 166.3. ಈಗ ಸಂಕೇತ ಸಿಕ್ಕಿತು. ಕೊಳ್ಳುವ ಮೊದಲು ಜರಡಿಯನ್ನು ಮತ್ತೊಮ್ಮೆ ಹಿಡಿಯಬೇಕು: ಗಳಿಕೆ ಬದಲಾಗಿಲ್ಲದಿದ್ದರೆ ಪಿಇ 11, ಷೇರು ಇನ್ನೂ ಅಗ್ಗವೇ. ತಳದ 148ರಿಂದ 28 ರೂಪಾಯಿ ಕೈತಪ್ಪಿತು ನಿಜ, ಆದರೆ ಮೊದಲೇ ಕೊಂಡವರಿಗಿಂತ ಹತ್ತು ರೂಪಾಯಿ ಕಡಿಮೆಗೆ ಸಿಕ್ಕಿತು. ಬೆಲೆ ಇನ್ನೂ ಚುರುಕಾಗಿ ಏರಿದ್ದರೆ ಸಂಕೇತ ಬರುವ ಹೊತ್ತಿಗೆ ಷೇರು ಜರಡಿಯಿಂದ ಹೊರಬಿದ್ದಿರುತ್ತಿತ್ತು. ಅಂಥ ಷೇರನ್ನು ಬಿಟ್ಟುಬಿಡುವುದೇ ನಿಯಮ.

ಕಾಯುವುದರಿಂದ ಆಗುವ ದೊಡ್ಡ ಉಪಕಾರವೆಂದರೆ ಕೆಲವು ಷೇರುಗಳಿಗೆ ಸಂಕೇತವೇ ಬರುವುದಿಲ್ಲ. ಬ್ಯಾಂಕುಗಳಿಗೆ ಮೇಲಿನ ಸಾಲದ ಷರತ್ತು ಹೊಂದದ ಕಾರಣ ಅಲ್ಲಿ ಪುಸ್ತಕ ಮೌಲ್ಯವನ್ನೇ ನೋಡುವ ರೂಢಿ. ಯೆಸ್ ಬ್ಯಾಂಕಿನ ವರದಿಯಾದ ಪುಸ್ತಕ ಮೌಲ್ಯ ಮಾರ್ಚ್ 2019ಕ್ಕೆ ಷೇರಿಗೆ ಸುಮಾರು 116 ರೂಪಾಯಿ. ಅದೇ ವರ್ಷದ ಮಧ್ಯದಲ್ಲಿ ಬೆಲೆ ಅದಕ್ಕಿಂತ ಕೆಳಗಿಳಿಯಿತು. ಮೌಲ್ಯದ ಜರಡಿಯೊಂದನ್ನೇ ನಂಬಿದವರಿಗೆ ಅದು ಅಗ್ಗವಾಗಿ ಕಂಡಿತು. ಆದರೆ ಅಲ್ಲಿಂದ 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಹಣ ಹಿಂಪಡೆಯಲು ನಿರ್ಬಂಧ ಹೇರುವವರೆಗೂ ತಿಂಗಳ ಕೊನೆಯ ಬೆಲೆ ಹತ್ತು ತಿಂಗಳ ಸರಾಸರಿಯನ್ನು ದಾಟಲೇ ಇಲ್ಲ. ಕೆಟ್ಟ ಸಾಲದ ನಿಜವಾದ ಪ್ರಮಾಣ ಬ್ಯಾಲೆನ್ಸ್ ಶೀಟಿಗೆ ಬರುವ ಮೊದಲೇ ಮಾರುವವರ ಅವಸರದಲ್ಲಿ ಕಾಣಿಸಿಕೊಂಡಿತ್ತು.

ಇದೇ ನಿಯಮ ಕೆಲವೊಮ್ಮೆ ಬಹಳ ದುಬಾರಿಯಾಗುತ್ತದೆ. ಕೋವಿಡ್ ಕುಸಿತದಲ್ಲಿ ನಿಫ್ಟಿ 2020ರ ಮಾರ್ಚ್ 23ರಂದು 7,610ಕ್ಕೆ ಬಂದು ನಿಂತಿತು. ಅದು ಹತ್ತು ತಿಂಗಳ ಸರಾಸರಿಯ ಮೇಲೆ ತಿಂಗಳು ಮುಗಿಸಿದ್ದು ಜುಲೈ ಕೊನೆಗೆ, 11,073ರಲ್ಲಿ. ತಳದಿಂದ ಸುಮಾರು ಶೇ 45ರ ಏರಿಕೆ ಅಷ್ಟರಲ್ಲಿ ಮುಗಿದಿತ್ತು. ಇಳಿತ ಕಡಿದಾಗಿ, ಚೇತರಿಕೆಯೂ ಕಡಿದಾಗಿದ್ದಾಗ ನಿಧಾನದ ಸರಾಸರಿ ಹಿಂದೆ ಉಳಿಯುವುದು ಅದರ ಲೆಕ್ಕದಲ್ಲೇ ಅಡಗಿದೆ. ಸರಾಸರಿಯನ್ನು ಚಿಕ್ಕದು ಮಾಡಿದರೆ ಸುಳ್ಳು ಸಂಕೇತ ಹೆಚ್ಚುತ್ತದೆ.

ಮಾರುವ ನಿಯಮದಲ್ಲೇ ಹೆಚ್ಚಿನವರು ಎಡವುವುದು. ಬೆಲೆ ಸರಾಸರಿಗಿಂತ ಕೆಳಗೆ ಹೋದೊಡನೆ ಮಾರಬೇಕು ಎಂಬುದು ಸಹಜವಾಗಿ ತೋರುತ್ತದೆ. ಮೇಲಿನ ಕಂಪನಿಯ ಷೇರು ಮುಂದಿನ ತಿಂಗಳು 161ಕ್ಕೆ ಇಳಿಯಿತು ಎನ್ನೋಣ. ಸರಾಸರಿ 162.4, ಮಾರಬೇಕು. ಅದರ ಮುಂದಿನ ತಿಂಗಳು ಬೆಲೆ 179, ಸರಾಸರಿ 161.7, ಮತ್ತೆ ಕೊಳ್ಳಬೇಕು. ಷೇರು ಎಲ್ಲಿಗೂ ಹೋಗಲಿಲ್ಲ, ಆದರೆ 176ಕ್ಕೆ ಕೊಂಡು 161ಕ್ಕೆ ಮಾರಿದವರ ಕೈಯಿಂದ ಹದಿನೈದು ರೂಪಾಯಿ ಹೋಯಿತು. ಇದರ ಮೇಲೆ ಕೊಳ್ಳುವಾಗಲೂ ಮಾರುವಾಗಲೂ ಶೇ 0.1ರ ವಹಿವಾಟು ತೆರಿಗೆ. ಲಾಭವಾದರೂ, 2024ರ ಜುಲೈ 23ರಿಂದ ಜಾರಿಯಲ್ಲಿರುವ ದರದಂತೆ, ಒಂದು ವರ್ಷದೊಳಗಿನ ಲಾಭಕ್ಕೆ ಶೇ 20. ವರ್ಷ ದಾಟಿದರೆ 1.25 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಮಾತ್ರ ಶೇ 12.5. ಆದ್ದರಿಂದ ನಿಧಾನದ ಪದ್ಧತಿಯಲ್ಲಿ ಸರಾಸರಿಯನ್ನು ಕೊಳ್ಳುವುದಕ್ಕಷ್ಟೇ ಮೀಸಲಿಟ್ಟು, ಮಾರುವ ತೀರ್ಮಾನವನ್ನು ವರ್ಷಕ್ಕೊಮ್ಮೆ ಲೆಕ್ಕಪತ್ರದ ಮೇಲೆ ಮಾಡುವುದು ಮೇಲು. ನಗದು ಹರಿವು ಕುಸಿದರೆ, ಸಾಲ ಮಿತಿ ಮೀರಿದರೆ, ಅಥವಾ ಪಿಇ 20 ದಾಟಿ ಅಗ್ಗದ ಮಾತೇ ಉಳಿಯದಿದ್ದರೆ ಮಾರಬೇಕು. ಕೊಂಡ ಮೇಲೆ ಹಾಳಾಗುವ ಕಂಪನಿಯಿಂದ ಈ ನಿಯಮ ತಡವಾಗಿಯೇ ಬಿಡಿಸುತ್ತದೆ. ಅದಕ್ಕಾಗಿ ಒಂದೇ ಷೇರಿಗೆ ಒಟ್ಟು ಹಣದ ಶೇ 5ಕ್ಕಿಂತ ಹೆಚ್ಚು ಹಾಕದಿರುವುದು ಒಳ್ಳೆಯದು.

ಇಂಥ ಪದ್ಧತಿಯನ್ನು ಹಳೆಯ ಅಂಕಿಗಳ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ತೀರಾ ಚೆನ್ನಾಗಿ ಬಂದರೆ ಮೊದಲು ದಿನಾಂಕಗಳನ್ನು ನೋಡಬೇಕು. ಮಾರ್ಚ್ 31ಕ್ಕೆ ಮುಗಿದ ವರ್ಷದ ಫಲಿತಾಂಶ ಸಲ್ಲಿಸಲು ಸೆಬಿ ನಿಯಮ 60 ದಿನ ಕೊಡುತ್ತದೆ. ಏಪ್ರಿಲ್ 1ರ ಬೆಲೆಗೆ ಮಾರ್ಚ್‌ನ ಗಳಿಕೆಯನ್ನು ಹೊಂದಿಸಿದ ಪರೀಕ್ಷೆ ಯಾರಿಗೂ ಗೊತ್ತಿರದ ಸಂಖ್ಯೆಯಿಂದ ಷೇರು ಆರಿಸಿದಂತಾಗುತ್ತದೆ. ಇಂದಿನ ಕಂಪನಿಗಳ ಪಟ್ಟಿಯನ್ನಷ್ಟೇ ಹಿಡಿದು ಹಿಂದಕ್ಕೆ ಹೋದರೆ ದಿವಾಳಿಯಾಗಿ ಪಟ್ಟಿಯಿಂದ ಹೊರಬಿದ್ದವು, ಅಂದರೆ ಜರಡಿಯನ್ನು ನಿಜವಾಗಿ ಪರೀಕ್ಷಿಸಬಹುದಾಗಿದ್ದ ಅಗ್ಗದ ಷೇರುಗಳು, ಲೆಕ್ಕದಲ್ಲೇ ಇರುವುದಿಲ್ಲ. ಬೋನಸ್ ಅಥವಾ ಷೇರು ವಿಭಜನೆಗೆ ಬೆಲೆಯನ್ನು ಹೊಂದಿಸದಿದ್ದರೆ 400ರ ಷೇರು ಒಂದೇ ದಿನ 200ಕ್ಕೆ ಬಿದ್ದಂತೆ ಕಂಡು ಹತ್ತು ತಿಂಗಳ ಸರಾಸರಿ ಕೆಟ್ಟುಹೋಗುತ್ತದೆ. ಹಳೆಯ ಬೆಲೆಗಳು ಲೆಕ್ಕದಿಂದ ಕಳಚಿಹೋಗುವವರೆಗೂ ಕೊಳ್ಳುವ ಸಂಕೇತ ಸುಳ್ಳು ಹೇಳುತ್ತಲೇ ಇರುತ್ತದೆ.